ಸಾಂಬಾರ್ ಕಾಲ್ ಮೇಲೆ ಬಿದ್ದಿದ್ದು, ಆದ್ರೆ ಅಪಘಾತ ಶುರುವಾಗಿದ್ದು ನೆಲದಲ್ಲಿ

ಪ್ರಶ್ನೆ: "ಮೇಡಂ, ದಾವಣಗೆರೆಲಿ ನಮ್ದೊಂದು ಚಿಕ್ಕ ಹೋಟ್ಲು ಇದೆ, ಎಲ್ಲಾ ಸೇರಿ ಹನ್ನೊಂದು ಜನ. ಹೋದ ವಾರ ಬೆಳಿಗ್ಗೆ ರಶ್ ಟೈಮಲ್ಲಿ ನಮ್ಮ ಹುಡುಗ ಒಬ್ಬ ಸಾಂಬಾರ್ ಡಬರಿ ಎತ್ಕೊಂಡು ಕೌಂಟರ್‌ಗೆ ಬರ್ತಾ ಜಾರಿಬಿದ್ದ, ತೊಡೆ ಮತ್ತೆ ಪಾದದ ಮೇಲೆ ಚೆಲ್ತು. ಭಟ್ರು ತಕ್ಷಣ ದೋಸೆ ಹಿಟ್ಟು ಹಚ್ಚಿದ್ರು, ನನ್ ತಮ್ಮ ಐಸ್ ತರೋಕೆ ಓಡಿದ. ಆಸ್ಪತ್ರೆಲಿ ಡಾಕ್ಟ್ರು ನಮ್ಮನ್ನೆಲ್ಲ ಚೆನ್ನಾಗಿ ಬೈದ್ರು, ಆದ್ರೆ ಏನ್ ಮಾಡ್ಬೇಕಿತ್ತು ಅಂತ ಹೇಳ್ಲಿಲ್ಲ. ಫಸ್ಟ್ ಏಯ್ಡ್ ಬಾಕ್ಸಲ್ಲಿ ಏನೇನ್ ಇಡ್ಬೇಕು? ಚಾಕು ತಾಗೋದಂತೂ ವಾರಕ್ಕೊಂದು ಇದ್ದೇ ಇರುತ್ತೆ. ಆಡಿಟರ್ ಒಂದು ರಿಜಿಸ್ಟರ್ ಇಡಿ ಅಂತಾರೆ, ಬರೆದಿಟ್ರೆ ನಾಳೆ ನಮ್ಗೇ ಉಲ್ಟಾ ಹೊಡೆಯಲ್ವಾ?"

ಉತ್ತರ:

ಮೊದ್ಲು ನೀರಿನ ವಿಷ್ಯ ಹೇಳ್ತೀನಿ, ಯಾಕಂದ್ರೆ ಇಂಥದ್ದು ಮತ್ತೆ ಆದ್ರೆ ಮೊದಲ ಒಂದು ನಿಮಿಷದಲ್ಲಿ ನಿಮ್ ಕೈಲಿರೋದು ಅದೊಂದೇ. ಸುಟ್ಟ ತಕ್ಷಣ ನಲ್ಲಿ ಕೆಳಗೆ ಹಿಡಿದು, ಹರಿಯೋ ತಣ್ಣನೆ ನೀರನ್ನ ಗಡಿಯಾರ ನೋಡ್ಕೊಂಡು 20 ನಿಮಿಷ ಬಿಡಬೇಕು. ಎರಡು ನಿಮಿಷ ಬಿಟ್ಟು "ಸಾಕು ಬಾ" ಅನ್ನೋದಲ್ಲ, ಪೂರ್ತಿ 20 ನಿಮಿಷ. ಬೆಂಕಿಯಿಂದ ದೂರ ಬಂದ್ರೂ ಚರ್ಮದ ಒಳಪದರದಲ್ಲಿ ಬಿಸಿ ಹಂಗೇ ಕೂತಿರುತ್ತೆ, ಅದು ಇನ್ನೂ ಕೆಳಕ್ಕೆ ಇಳೀತಾ ಹೋಗುತ್ತೆ, ಇಳಿದಷ್ಟೂ ಗಾಯ ಆಳ. ನೀರು ಹರೀತಿದ್ರೆ ಆ ಬಿಸಿನ ಎಳ್ಕೊಂಡು ಹೋಗುತ್ತೆ. ನಾನು ಕ್ಯಾಶುವಾಲ್ಟಿಲಿ ಹನ್ನೊಂದು ವರ್ಷ ಕೆಲ್ಸ ಮಾಡಿದ್ದೀನಿ, ಒಂದೇ ಥರ ಸಾಂಬಾರ್ ಬಿದ್ದು ಬಂದವರಲ್ಲಿ ನೀರು ಹಾಕ್ಕೊಂಡು ಬಂದವರ ಗಾಯ, ಪೇಸ್ಟ್ ಹಚ್ಕೊಂಡು ಬಂದವರ ಗಾಯ, ಎರಡೂ ಡ್ರೆಸಿಂಗ್ ಬಿಚ್ಚಿದಾಗ ಬೇರೆನೇ ಕಾಣ್ತಿದ್ವು. ತಡ ಆಗಿದ್ರೂ ಬಿಡಬೇಡಿ, ಸುಟ್ಟು ಮೂರು ಗಂಟೆ ಒಳಗೆ ಯಾವಾಗ ಶುರು ಮಾಡಿದ್ರೂ ಉಪಯೋಗ ಇದೆ.

ನೀರು ಹಾಕೋವಾಗ್ಲೇ ಬಟ್ಟೆ, ಉಂಗುರ, ಕಾಲುಂಗುರ, ಕೈಲಿರೋ ಕಡಗ, ದಾರ ಎಲ್ಲಾ ತೆಗಿಬೇಕು. ಸಾಂಬಾರಲ್ಲಿ ಬೇಳೆ ಇರುತ್ತೆ, ಮೇಲೆ ಒಗ್ಗರಣೆ ಎಣ್ಣೆ ಇರುತ್ತೆ, ಅದು ಬಿಸಿನೀರಿನ ಥರ ಜಾರಿ ಹೋಗಲ್ಲ, ಪ್ಯಾಂಟಿಗೆ ಮೆತ್ಕೊಂಡು ಒಳಗಡೆ ಬೇಯಿಸ್ತಾನೇ ಇರುತ್ತೆ. ಅದಕ್ಕೆ ನಾಚಿಕೆ ಪಡದೆ ಪ್ಯಾಂಟ್ ಬಿಚ್ಚಿಸಿ, ಒಂದು ಟವೆಲ್ ಅಡ್ಡ ಹಿಡೀರಿ. ಬಟ್ಟೆ ಚರ್ಮಕ್ಕೆ ಕರಗಿ ಅಂಟ್ಕೊಂಡಿದ್ರೆ ಮಾತ್ರ ಎಳೀಬೇಡಿ, ಸುತ್ತ ಕತ್ತರಿಸಿ ಅಷ್ಟು ತುಂಡನ್ನ ಹಂಗೇ ಬಿಡಿ. ಉಂಗುರ ಯಾಕೆ ತೆಗಿಬೇಕು ಅಂದ್ರೆ ಅರ್ಧ ಗಂಟೆಲಿ ಬೆರಳು ಊದ್ಕೊಳ್ಳುತ್ತೆ, ಆಮೇಲೆ ಕಟ್ ಮಾಡೇ ತೆಗಿಬೇಕಾಗುತ್ತೆ.

ಬೇಸಿಗೆಲಿ ಒಂದು ತೊಂದ್ರೆ ಇದೆ. ನಿಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ತಾರಸಿ ಮೇಲಿನ ಕಪ್ಪು ಟ್ಯಾಂಕಿನ ನಲ್ಲಿ ತಿರುಗಿಸಿದ್ರೆ ಬರೋದು ಬಿಸಿನೀರು. ಅದನ್ನೇ ಸುಟ್ಟ ಜಾಗಕ್ಕೆ ಬಿಟ್ಟಿರೋರನ್ನ ನೋಡಿದ್ದೀನಿ. ಅಂಥ ಟೈಮಲ್ಲಿ ಸಂಪಿನ ನೀರನ್ನೋ ಒಳಗಿಟ್ಟಿರೋ ಡ್ರಮ್ಮಿನ ನೀರನ್ನೋ ಜಗ್ಗಲ್ಲಿ ಸಣ್ಣ ಧಾರೆಯಾಗಿ ಹುಯ್ಯಿರಿ. ನೀರಿಗೇ ಕೊರತೆ ಇದ್ರೆ ಪಾದನ ಟಬ್ಬಲ್ಲಿ ಮುಳುಗಿಸಿ, ತೊಡೆ ಮೇಲೆ ಒಗೆದ ಬಟ್ಟೆ ಒದ್ದೆ ಮಾಡಿ ಹಾಕಿ, ಅದು ಬೆಚ್ಚಗಾದ ಕೂಡ್ಲೇ ಬದಲಾಯಿಸ್ತಾ ಇರಿ. ಮೈಯಲ್ಲಿ ತುಂಬಾ ಜಾಗ ಸುಟ್ಟಿದ್ರೆ, ಇಲ್ಲಾ ಮಕ್ಕಳಾಗಿದ್ರೆ, ಚಳಿ ಹಿಡಿದು ನಡುಗೋಕೆ ಶುರು ಮಾಡ್ತಾರೆ. ಆಗ ಸುಟ್ಟ ಜಾಗಕ್ಕೆ ಮಾತ್ರ ನೀರು, ಉಳಿದ ಮೈಗೆ ಬೆಡ್‌ಶೀಟ್, ನಡುಕ ನಿಲ್ಲದಿದ್ರೆ 20 ನಿಮಿಷಕ್ಕೆ ಕಾಯದೆ ಹೊರಡಿ.

ಇನ್ನು ದೋಸೆ ಹಿಟ್ಟು. ಭಟ್ರ ಮೇಲೆ ಸಿಟ್ಟು ಮಾಡ್ಕೋಬೇಡಿ, ಅವ್ರು ಅವ್ರ ಅಮ್ಮ ಮಾಡಿದ್ದನ್ನ ನೋಡಿ ಕಲಿತಿರೋದು. ಹಚ್ಚಿದ ಕೂಡ್ಲೇ ತಂಪಾಗೋದು ನಿಜ, ಹಿಟ್ಟಲ್ಲಿ ನೀರಿದೆ ಅದಕ್ಕೆ. ಆದ್ರೆ ಐದು ನಿಮಿಷಕ್ಕೆ ಅದೇ ಹಿಟ್ಟು ಬಿಸಿಯಾಗಿ ಒಣಗಿ ಅಂಟ್ಕೊಳ್ಳುತ್ತೆ, ಬಿಸಿ ಹೊರಗೆ ಹೋಗೋ ದಾರಿ ಮುಚ್ಚುತ್ತೆ. ಅದು ಹುಳಿ ಬಂದಿರೋ ಹಿಟ್ಟು ಬೇರೆ, ಅದ್ರಲ್ಲಿರೋ ಜೀವಿಗಳೆಲ್ಲ ತೆರೆದ ಗಾಯದೊಳಗೆ. ಆಮೇಲೆ ಆಸ್ಪತ್ರೆಲಿ ಅದನ್ನ ಉಜ್ಜಿ ತೆಗಿಯೋವಾಗ ಗುಳ್ಳೆ ಜೊತೆ ಚರ್ಮನೂ ಬರುತ್ತೆ. ನಿಮ್ಮ ಡಾಕ್ಟ್ರು ಬೈದಿದ್ದು ಇದಕ್ಕೇ ಇರ್ಬೇಕು. ಟೂತ್‌ಪೇಸ್ಟ್ ತಂಪು ಅನ್ಸೋದು ಅದರ ಪುದೀನದ ಗುಣದಿಂದ, ಬಿಸಿ ಒಂಚೂರೂ ಇಳಿಯಲ್ಲ. ತುಪ್ಪ, ಬೆಣ್ಣೆ, ಎಣ್ಣೆ ಬಿಸಿನ ಒಳಗೇ ಹಿಡಿದಿಡ್ತವೆ. ಇಂಕು, ಅರಿಶಿನ, ಬಣ್ಣದ ಔಷಧಿ ಹಚ್ಚಿದ್ರೆ ಕೆಳಗಿನ ಚರ್ಮ ಕೆಂಪಗಿದ್ಯಾ ಬೆಳ್ಳಗಿದ್ಯಾ ಅಂತ ನಮಗೆ ಕಾಣೋದೇ ಇಲ್ಲ, ಅದು ಕಾಣದೆ ಆಳ ಎಷ್ಟು ಅಂತ ಹೇಳೋಕಾಗಲ್ಲ. ಐಸ್ ಒಳ್ಳೇದು ಅನ್ನೋದು ಬಹಳ ಜನರ ನಂಬಿಕೆ, ಆದ್ರೆ ಐಸ್ ಇಟ್ರೆ ರಕ್ತನಾಳಗಳು ಮುದುಡ್ಕೊಂಡು, ಮೊದ್ಲೇ ಜೀವ ಹಿಡ್ಕೊಂಡಿರೋ ಚರ್ಮಕ್ಕೆ ಬರೋ ರಕ್ತನೂ ಕಮ್ಮಿ ಆಗುತ್ತೆ, ಸುಟ್ಟ ಗಾಯದ ಮೇಲೆ ಶೀತದ ಗಾಯ ಸೇರ್ಕೊಳ್ಳುತ್ತೆ.

20 ನಿಮಿಷ ಆದ್ಮೇಲೆ ಮುಚ್ಚಬೇಕು. ಅದಕ್ಕೆ ಅತ್ಯಂತ ಒಳ್ಳೆ ವಸ್ತು ನಿಮ್ಮ ಪಾರ್ಸಲ್ ಕೌಂಟರಲ್ಲೇ ಇರ್ಬಹುದು, ಕ್ಲಿಂಗ್ ಫಿಲ್ಮ್. ರೋಲಿನ ಮೊದಲ ಸುತ್ತು ಕೈ ತಾಗಿರುತ್ತೆ, ಅದನ್ನ ಹರಿದು ಬಿಸಾಕಿ, ಮುಂದಿನ ತುಂಡನ್ನ ಗಾಯದ ಮೇಲೆ ಉದ್ದಕ್ಕೆ ಹಾಸಿ. ಕಾಲಿನ ಸುತ್ತ ಬಿಗಿಯಾಗಿ ಸುತ್ತಬೇಡಿ, ಊತ ಬಂದಾಗ ಅದು ಕಟ್ಟು ಬಿಗಿದಂಗಾಗುತ್ತೆ. ಅಂಟಲ್ಲ, ಗಾಳಿ ತಾಗದೇ ಇರೋದ್ರಿಂದ ಉರಿ ಕಮ್ಮಿ, ಡಾಕ್ಟ್ರಿಗೆ ಬಿಚ್ಚದೇನೇ ಗಾಯ ಕಾಣುತ್ತೆ. ಕೈ ಸುಟ್ಟಿದ್ರೆ ಹೊಸ ಪ್ಲಾಸ್ಟಿಕ್ ಕವರ್ ಒಳಗೆ ಕೈ ಇಟ್ಟು ಸಡಿಲವಾಗಿ ಕಟ್ಟಿದ್ರೂ ಆಯ್ತು. ಮುಖಕ್ಕೆ ಮಾತ್ರ ಪ್ಲಾಸ್ಟಿಕ್ ಬೇಡವೇ ಬೇಡ. ಗುಳ್ಳೆ ಒಡೀಬೇಡಿ.

ಆಸ್ಪತ್ರೆಗೆ ಯಾವಾಗ? ಗಾಯ ಆದವರ ಅಂಗೈ ಬೆರಳು ಸೇರಿ ಅವರ ಮೈಯ ಸುಮಾರು ನೂರರಲ್ಲೊಂದು ಭಾಗ, ಅದಕ್ಕಿಂತ ದೊಡ್ಡದಾಗಿ ಸುಟ್ಟಿದ್ರೆ ಹೋಗ್ಲೇಬೇಕು. ಮುಖ, ಕೈ, ಪಾದ, ಕೀಲು, ಗುಪ್ತಾಂಗ ಆದ್ರೆ ಎಷ್ಟೇ ಚಿಕ್ಕದಾದ್ರೂ ಹೋಗ್ಬೇಕು. ಸಕ್ಕರೆ ಕಾಯಿಲೆ ಇರೋರು, ವಯಸ್ಸಾದವರೂ ಅಷ್ಟೇ. ಇಲ್ಲೊಂದು ಮೋಸ ಹೋಗೋ ಜಾಗ ಇದೆ, ದಯವಿಟ್ಟು ನೆನಪಿಡಿ: ಚರ್ಮ ಬೆಳ್ಳಗೋ ಕಂದಾಗೋ ಚರ್ಮದ ಚಪ್ಪಲಿ ಥರ ಗಟ್ಟಿಯಾಗಿದ್ದು, ಹುಡುಗ "ನೋವೇ ಇಲ್ಲ ಸರ್" ಅಂದ್ರೆ ಅದು ಸಮಾಧಾನದ ಮಾತಲ್ಲ. ನೋವು ತಿಳಿಸೋ ನರನೂ ಸುಟ್ಟಿದೆ ಅಂತ ಅರ್ಥ, ಅಂಥವರನ್ನ ಎಲ್ಲರಿಗಿಂತ ಮೊದ್ಲು ಕಳಿಸ್ಬೇಕು. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರೋ ತನಕ ನೀರು ಬಿಡ್ತಾ ಇರಿ.

ಇದೆಲ್ಲ ಬಿದ್ದ ಮೇಲಿನ ಮಾತು. ಆ ಹುಡುಗನ ಕಾಲು ಸುಟ್ಟಿದ್ದು ಸಾಂಬಾರಿಂದ ನಿಜ, ಆದ್ರೆ ಅವ್ನು ಜಾರಿದ್ದು ಯಾಕೆ ಅಂತ ನೀವು ಬರೆದೇ ಇಲ್ಲ. ಹೋಟೆಲ್ ಅಡುಗೆಮನೆಲಿ ನಾನು ನೋಡಿರೋ ದೊಡ್ಡ ಸುಟ್ಟ ಗಾಯಗಳಲ್ಲಿ ಬಹಳಷ್ಟು ಒಲೆ ಹತ್ರ ಆಗಿದ್ದಲ್ಲ, ಬಿಸಿ ಪಾತ್ರೆ ಎತ್ಕೊಂಡು ನಡಿಯೋ ದಾರಿಲಿ ಆಗಿದ್ದು.

ಒಂದು ಉದಾಹರಣೆ ಹೇಳ್ತೀನಿ. ಒಂದು ಹಾಸ್ಟೆಲ್ ಮೆಸ್ಸಿಗೆ ಫಸ್ಟ್ ಏಯ್ಡ್ ಹೇಳ್ಕೊಡೋಕೆ ಹೋಗಿದ್ದೆ. ಒಂದು ನೋಟ್‌ಬುಕ್ ಕೊಟ್ಟು, ಯಾರಾದ್ರೂ ಬಿದ್ರೆ ಸುಟ್ಕೊಂಡ್ರೆ ಅಷ್ಟೇ ಅಲ್ಲ, ಜಾರಿ ಸುಧಾರಿಸ್ಕೊಂಡ್ರೂ ಒಂದು ಸಾಲು ಬರೀರಿ ಅಂದಿದ್ದೆ. ಎರಡು ತಿಂಗಳಿಗೆ ಏಳು ಸಾಲು ಬಂದಿತ್ತು. ಅದ್ರಲ್ಲಿ ಐದು ಒಂದೇ ಜಾಗ, ಇಡ್ಲಿ ಸ್ಟೀಮರಿಗೂ ಸಿಂಕಿಗೂ ಮಧ್ಯದ ಓಣಿ, ಎಲ್ಲಾ ಬೆಳಿಗ್ಗೆ ಏಳೂವರೆಯಿಂದ ಎಂಟೂವರೆ ಒಳಗೆ. ವಾರ್ಡನ್ನು "ಹುಡುಗ್ರು ನೋಡ್ಕೊಂಡು ನಡಿಯಲ್ಲ" ಅಂತಿದ್ರು. ಮಾರನೇ ದಿನ ಆ ಟೈಮಿಗೆ ಹೋಗಿ ಮೂಲೆಲಿ ನಿಂತು ಸುಮ್ನೆ ನೋಡಿದ್ವಿ. ಭಟ್ರು ಸ್ಟೀಮರ್ ಮುಚ್ಚಳ ತೆಗೆದು, ತಿರುಗಿ, ಓಣಿ ದಾಟಿ ಎದುರು ಗೋಡೆಗೆ ಒರಗಿಸಿಡ್ತಿದ್ರು. ಮುಚ್ಚಳದ ಒಳಗಡೆ ಆವಿ ನೀರಾಗಿ ಕೂತಿರುತ್ತಲ್ಲ, ಅದು ದಾರಿ ಉದ್ದಕ್ಕೂ ತೊಟ್ಟಿಕ್ತಿತ್ತು. ಪಕ್ಕದಲ್ಲೇ ವಡೆ ಎತ್ತಿ ಬಸಿಯೋ ಜಾಲರಿ, ಅದರ ಎಣ್ಣೆ ಹನಿ. ನೀರೊಂದೇ ಇದ್ರೆ ಕಾಲಿಗೆ ಗೊತ್ತಾಗುತ್ತೆ, ಎಣ್ಣೆ ಮೇಲೆ ನೀರು ಬಿದ್ರೆ ಟೈಲ್ಸು ಸೋಪು ಹಚ್ಚಿದಂಗೆ, ಕಣ್ಣಿಗೂ ಕಾಣಲ್ಲ. ಮುಚ್ಚಳ ಇಡೋಕೆ ಸ್ಟೀಮರ್ ಎಡಗಡೆನೇ ಒಂದು ಕಬ್ಬಿಣದ ಸ್ಟ್ಯಾಂಡು, ಕೆಳಗೊಂದು ಟ್ರೇ, ಜಾಲರಿ ಕೆಳಗೆ ಇನ್ನೊಂದು ಟ್ರೇ, ಇಷ್ಟೇ ಮಾಡಿದ್ದು. ಮುಂದಿನ ಎರಡು ತಿಂಗಳಲ್ಲಿ ಆ ಓಣಿಲಿ ಒಂದು ಸಾಲೂ ಬರಲಿಲ್ಲ.

ನಿಮ್ಮಲ್ಲೂ ಆ ಹುಡುಗ ಬಿದ್ದ ಟೈಮಿಗೆ, ಬಿದ್ದ ಜಾಗದಲ್ಲಿ, ಒಂದರ್ಧ ಗಂಟೆ ನಿಂತು ನೋಡಿ. ನೀರು ಎಲ್ಲಿಂದ ಬರ್ತಿದೆ, ಎಣ್ಣೆ ಎಲ್ಲಿಂದ ಬರ್ತಿದೆ. ದೋಸೆ ಹಂಚಿನ ಹತ್ರ ಗೋಣಿಚೀಲ ಹಾಸಿದ್ದೀರಾ ನೋಡಿ, ಜಾರಬಾರ್ದು ಅಂತ ಹಾಸಿರ್ತಾರೆ, ಅದು ಎಣ್ಣೆ ಕುಡಿದು ಟೈಲ್ಸ್ ಮೇಲೆ ತಾನೇ ಜಾರುತ್ತೆ, ಅಂಚು ಮಡಚ್ಕೊಂಡು ಕಾಲಿಗೆ ಸಿಗುತ್ತೆ. ತೆಗೆದುಬಿಡಿ. ನೆಲ ಒರೆಸೋದನ್ನೂ ಗಮನಿಸಿ. ಒದ್ದೆ ಮಾಪಲ್ಲಿ ಒರೆಸಿದ್ರೆ ಒಂದು ಕಡೆ ಇದ್ದ ಎಣ್ಣೆ ಇಡೀ ಅಡುಗೆಮನೆಗೆ ತೆಳ್ಳಗೆ ಹರಡುತ್ತೆ ಅಷ್ಟೇ. ರಾತ್ರಿ ಕ್ಲೋಸ್ ಮಾಡೋವಾಗ ಸೋಪಿನ ಪುಡಿ ಹಾಕಿದ ಬೆಚ್ಚನೆ ನೀರು ಸುರಿದು ಹತ್ತು ನಿಮಿಷ ಹಂಗೇ ಬಿಟ್ಟು, ಗಟ್ಟಿ ಬ್ರಷ್ಷಲ್ಲಿ ಉಜ್ಜಿ, ತೊಳೆದು, ವೈಪರಲ್ಲಿ ಎಳೆದು ಒಣಗಿಸಬೇಕು. ಆ ಹತ್ತು ನಿಮಿಷ ಬಿಟ್ರೇನೇ ಜಿಡ್ಡು ಬಿಡೋದು. ಹಗಲು ಚೆಲ್ಲಿದ್ರೆ ಎಣ್ಣೆನ ಮೊದ್ಲು ಒಣ ಬಟ್ಟೆಲೋ ಪೇಪರಲ್ಲೋ ಎತ್ತಬೇಕು, ಆಮೇಲೆ ನೀರು.

ಹುಡುಗನ ಕಾಲಲ್ಲಿ ಏನಿತ್ತು? ಸವೆದ ಹವಾಯಿ ಚಪ್ಪಲಿ ಅಂದ್ರೆ ನನಗೆ ಆಶ್ಚರ್ಯ ಆಗಲ್ಲ. ಮುಂದೆ ಮುಚ್ಚಿರೋ, ಅಡಿ ಹಿಡಿತ ಇರೋ ರಬ್ಬರ್ ಶೂ ನೀವೇ ಕೊಡ್ಸಿ, ಸಂಬಳದಲ್ಲಿ ಹಿಡೀಬೇಡಿ. ಹಿಡಿದ್ರೆ ಹಾಕ್ಕೊಳಲ್ಲ. ಇನ್ನು ಸಾಂಬಾರು: ತುಂಬಿದ ಡಬರಿ ಎತ್ಕೊಂಡು ನಡಿಯೋದನ್ನೇ ನಿಲ್ಸಿ. ಮುಚ್ಚಳ ಕ್ಲಿಪ್ ಆಗೋ ಪಾತ್ರೆಲಿ ಮುಕ್ಕಾಲು ಮಾತ್ರ ತುಂಬಿ, ಚಕ್ರದ ಟ್ರಾಲಿ ಮೇಲೆ ತಳ್ಕೊಂಡು ಬರ್ಲಿ. ಟ್ರಾಲಿಗೆ ಜಾಗ ಇಲ್ಲದಿದ್ರೆ ಇಬ್ಬರು ಹಿಡಿಯೋ ಕಿವಿ ಇರೋ ಪಾತ್ರೆ, ಮುಂದೊಬ್ಬ "ಬಿಸಿ ಬಿಸಿ" ಅಂತ ಕೂಗ್ತಾ ದಾರಿ ಬಿಡಿಸ್ಲಿ. ಎರಡು ಸಲ ಓಡಾಡ್ಬೇಕಾಗುತ್ತೆ, ರಶ್ಶಲ್ಲಿ ಕಷ್ಟ ಅಂತ ನನಗೂ ಗೊತ್ತು, ಆದ್ರೆ ರಶ್ಶಲ್ಲೇ ಬೀಳೋದು.

ಚಾಕು ಗಾಯಕ್ಕೆ ಬಂದ್ರೆ, ಅಲ್ಲೂ ಮೊದಲ ತಪ್ಪು ಒಂದೇ, ಕಾಫಿ ಪುಡಿ. ಪುಡಿ ರಕ್ತ ಹೀರ್ಕೊಂಡು ನಿಂತಂಗೆ ಕಾಣುತ್ತೆ, ಆದ್ರೆ ಗಾಯದೊಳಗೆ ಕೂತ್ಕೊಳ್ಳುತ್ತೆ, ಹೊಲಿಗೆ ಹಾಕೋಕೆ ಮುಂಚೆ ಅದನ್ನ ಕೆದಕಿ ತೆಗಿಬೇಕು. ಮಾಡ್ಬೇಕಾದ್ದು, ಚಿಕ್ಕ ಗಾಯ ಆದ್ರೆ ನಲ್ಲಿ ನೀರಲ್ಲಿ ತೊಳೆದು, ಗಾಜ್ ಇಟ್ಟು ಗಟ್ಟಿಯಾಗಿ ಒತ್ತಿ ಹಿಡ್ಕೊಂಡು ಕೈ ಎತ್ತಿ ಹತ್ತು ನಿಮಿಷ. ರಕ್ತ ಜೋರಾಗಿ ಬರ್ತಿದ್ರೆ ತೊಳಿಯೋಕೆ ಹೋಗ್ಬೇಡಿ, ಮೊದ್ಲು ಒತ್ತಿ. ಮಧ್ಯೆ ಎತ್ತಿ ನೋಡೋದೇ ಎಲ್ಲರೂ ಮಾಡೋ ತಪ್ಪು, ಒಂದೊಂದು ಸಲ ನೋಡಿದಾಗ್ಲೂ ಕಟ್ಟಿದ್ದ ಹೆಪ್ಪು ಕಿತ್ತು ಬರುತ್ತೆ. ಬೆರಳಿಗೆ ರಬ್ಬರ್ ಬ್ಯಾಂಡ್, ದಾರ ಬಿಗಿಯೋದು ಬೇಡ, ಕೆಲ್ಸದ ಗಡಿಬಿಡಿಲಿ ಮರೆತ್ರೆ ಬೆರಳೇ ಹೋಗುತ್ತೆ. ಹತ್ತು ನಿಮಿಷಕ್ಕೂ ನಿಲ್ಲದಿದ್ರೆ, ಗಾಯ ಬಾಯಿ ಬಿಟ್ಟಿದ್ರೆ, ತುದಿ ಜೋಮು ಹಿಡಿದಿದ್ರೆ, ಇಲ್ಲಾ ಬೆರಳು ಮಡಚೋಕೆ ಬಿಚ್ಚೋಕೆ ಆಗದಿದ್ರೆ ಆಸ್ಪತ್ರೆ. ಮಡಚೋಕಾಗಲ್ಲ ಅಂದ್ರೆ ಒಳಗಿನ ಸ್ನಾಯುರಜ್ಜು ಕಟ್ ಆಗಿರ್ಬಹುದು, ಮೇಲಿನ ಗಾಯ ವಾಸಿಯಾದ್ರೂ ಬೆರಳು ಕೆಲ್ಸಕ್ಕೆ ಬರಲ್ಲ. ಮೆಷಿನ್ನಿಗೆ ಸಿಕ್ಕಿ ಬೆರಳ ತುಂಡೇ ಬಂದಿದ್ರೆ, ಅದನ್ನ ಒದ್ದೆ ಗಾಜಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ, ಆ ಕವರನ್ನ ಐಸ್ ನೀರಿನ ಡಬ್ಬಿಲಿಟ್ಟು ಜೊತೆಗೆ ಒಯ್ಯಿರಿ. ತುಂಡಿಗೆ ಐಸ್ ನೇರ ತಾಗಬಾರ್ದು. ವಾರಕ್ಕೊಂದು ಗಾಯ ಅಂದ್ರಲ್ಲ, ಚಾಕು ಮೊಂಡಾಗಿದೆಯಾ ನೋಡಿ, ಮೊಂಡು ಚಾಕುಗೆ ಜಾಸ್ತಿ ಒತ್ತಬೇಕು, ಈರುಳ್ಳಿ ಮೇಲೆ ಜಾರಿ ಬೆರಳಿಗೆ ಬರುತ್ತೆ. ಇನ್ನೊಂದು, ಸೋಪಿನ ನೀರು ತುಂಬಿರೋ ಸಿಂಕಲ್ಲಿ ಚಾಕು ಹಾಕ್ತಾರಾ ಕೇಳಿ. ತೊಳಿಯೋನಿಗೆ ಒಳಗೆ ಏನಿದೆ ಕಾಣಲ್ಲ.

ಬಾಕ್ಸು. ರೆಡಿಮೇಡ್ ಬಾಕ್ಸ್ ತಗೊಂಡ್ರೆ ಅರ್ಧ ಹತ್ತಿ, ಅರ್ಧ ಮಾತ್ರೆ ಇರುತ್ತೆ, ಅಡುಗೆಮನೆಗೆ ಅದು ಆಗಲ್ಲ. ನಿಮ್ಮ ಹನ್ನೊಂದು ಜನಕ್ಕೆ ಇಷ್ಟು ಸಾಕು: ಅಂಟದ ಪ್ಯಾರಾಫಿನ್ ಗಾಜ್ ಹತ್ತು, ಸ್ಟೆರೈಲ್ ಗಾಜ್ ಪ್ಯಾಕೆಟ್ ಇಪ್ಪತ್ತು, ಎರಡಿಂಚು ಮತ್ತೆ ನಾಲ್ಕಿಂಚಿನ ಬ್ಯಾಂಡೇಜ್ ರೋಲ್ ನಾಲ್ಕು ನಾಲ್ಕು, ಬಾಕ್ಸಿಗೇ ಅಂತ ಬೇರೆ ಒಂದು ಕ್ಲಿಂಗ್ ಫಿಲ್ಮ್ ರೋಲ್, ಸಲೈನ್ ಬಾಟಲಿ ಎರಡು, ಪೇಪರ್ ಟೇಪು, ಮೊಂಡು ತುದಿಯ ಕತ್ತರಿ, ಚಿಮಟ, ಒಂದು ಡಬ್ಬಿ ಗ್ಲೌಸು, ಒಂದು ತ್ರಿಕೋನ ಬ್ಯಾಂಡೇಜು. ಪ್ಲಾಸ್ಟರ್ ಮಾತ್ರ ನೀಲಿ ಬಣ್ಣದ್ದೇ ತಗೊಳ್ಳಿ, ಚಟ್ನಿಗೆ ಬಿದ್ರೂ ಕಣ್ಣಿಗೆ ಕಾಣುತ್ತೆ, ಯಾವ ಅಡುಗೆನೂ ನೀಲಿ ಇರಲ್ಲವಲ್ಲ. ಪ್ಲಾಸ್ಟರ್ ಮೇಲೆ ಗ್ಲೌಸ್ ಹಾಕಿದ್ಮೇಲೇನೇ ಅಡುಗೆ ಮುಟ್ಟೋದು. ಹತ್ತಿ ಬೇಡ, ಅದರ ಎಳೆ ಸುಟ್ಟ ಗಾಯಕ್ಕೆ ಅಂಟುತ್ತೆ. ಸುಟ್ಟ ಗಾಯದ ಮುಲಾಮು ಬಾಕ್ಸಲ್ಲಿ ಇಡಬೇಡಿ, ಇದ್ರೆ ನೀರು ಬಿಟ್ಟು ಮುಲಾಮಿಗೇ ಕೈ ಹೋಗುತ್ತೆ. ಮುಲಾಮು ಯಾವ್ದು, ಯಾವಾಗ ಅನ್ನೋದು ಗಾಯ ನೋಡಿದ ಡಾಕ್ಟ್ರು ಹೇಳ್ಲಿ. ಬಾಕ್ಸು ಕ್ಯಾಶ್ ಡ್ರಾಯರಲ್ಲಿ ಬೀಗ ಹಾಕಿ ಇಟ್ಟಿರೋದನ್ನ ಎಷ್ಟೋ ಕಡೆ ನೋಡಿದ್ದೀನಿ, ಓನರ್ ಇಲ್ದಾಗ್ಲೇ ಬೇಕಾಗೋದು ಅದು. ಒಲೆ ಮೇಲಿನ ಶೆಲ್ಫೂ ಬೇಡ. ಅಡುಗೆಮನೆ ಬಾಗಿಲ ಹತ್ರ, ಎದೆ ಎತ್ತರಕ್ಕೆ, ಬೀಗ ಇಲ್ದೆ.

ಕೊನೇದಾಗಿ ರಿಜಿಸ್ಟರ್. ಒಂದು ಲಾಂಗ್ ಬುಕ್ ಸಾಕು. ನಿಮ್ಮ ಹುಡುಗನ ಕೇಸನ್ನ, ನೀವು ಹೇಳದೇ ಇರೋ ವಿವರಗಳನ್ನ ಊಹಿಸ್ಕೊಂಡು, ನಾನಾದ್ರೆ ಹೀಗೆ ಬರೀತಿದ್ದೆ:

ದಿನಾಂಕ, ಸಮಯ: ಮಂಗಳವಾರ, ಬೆಳಿಗ್ಗೆ 8.40. ಯಾರು: ಸಪ್ಲೈಯರ್, ಕೆಲ್ಸಕ್ಕೆ ಸೇರಿ ಐದು ತಿಂಗಳು. ಎಲ್ಲಿ: ಸಿಂಕ್ ಮುಂದಿನ ಟೈಲ್ಸ್, ಕೌಂಟರ್ ಬಾಗಿಲಿಂದ ನಾಲ್ಕಡಿ. ಏನ್ ಮಾಡ್ತಿದ್ದ: ಮುಚ್ಚಳ ಇಲ್ಲದ ಸಾಂಬಾರ್ ಡಬರಿ ಒಬ್ಬನೇ ಎತ್ಕೊಂಡು ಬರ್ತಿದ್ದ. ಏನಾಯ್ತು: ನೆಲ ಒದ್ದೆ ಇತ್ತು, ಎಡಗಾಲು ಜಾರ್ತು, ಬಲ ತೊಡೆ ಮತ್ತೆ ಪಾದದ ಮೇಲೆ ಚೆಲ್ತು. ಏನ್ ಮಾಡಿದ್ವಿ: ದೋಸೆ ಹಿಟ್ಟು ಹಚ್ಚಿದ್ವಿ, ನೀರು ಹಾಕಲಿಲ್ಲ, 9.15ಕ್ಕೆ ಆಸ್ಪತ್ರೆ. ನೋಡಿದವರು: ಭಟ್ರು, ಕ್ಲೀನರ್. ಏನ್ ಬದಲಾಯಿಸಿದ್ವಿ: ಇನ್ನೂ ಬರೀಬೇಕು.

ನೋಡಿ, ಇದ್ರಲ್ಲಿ "ಅಜಾಗರೂಕತೆಯಿಂದ ಬಿದ್ದ" ಅಂತ ಎಲ್ಲೂ ಇಲ್ಲ. ಆ ಪದ ಬರೆದ್ರೆ ಅಲ್ಲಿಗೆ ಮುಗೀತು, ನೆಲ ಯಾಕೆ ಒದ್ದೆ ಇತ್ತು ಅಂತ ಯಾರೂ ಕೇಳಲ್ಲ, ಮುಂದಿನ ಹುಡುಗ ಜಾರಿದ್ರೂ ಬೈತಾರೆ ಅಂತ ಹೇಳಲ್ಲ. ದೋಸೆ ಹಿಟ್ಟು ಹಚ್ಚಿದ್ದನ್ನೂ ಮುಚ್ಚಿಡದೆ ಬರೀರಿ. ಅದೇ ದಿನ ಬರೀಬೇಕು, ಬರೆದಿದ್ದನ್ನ ಗಾಯ ಆದವನಿಗೆ ಅವನ ಭಾಷೆಲಿ ಓದಿ ಹೇಳಿ ಸಹಿ ತಗೊಳ್ಳಿ. ಬಾಕ್ಸಿಂದ ಏನ್ ಖರ್ಚಾಯ್ತು ಅಂತ ಪಕ್ಕದಲ್ಲೇ ಬರೆದ್ರೆ ತುಂಬಿಸೋದೂ ಮರೆಯಲ್ಲ.

ಉಲ್ಟಾ ಹೊಡಿಯುತ್ತಾ ಅಂದ್ರಲ್ಲ. ನಿಮ್ಮ ಜವಾಬ್ದಾರಿ ಹುಟ್ಟೋದು ಗಾಯದಿಂದ, ಬರೆದಿದ್ದರಿಂದ ಅಲ್ಲ. ಕೆಲ್ಸದಲ್ಲಿ ಆದ ಗಾಯದಿಂದ ಮೂರು ದಿನಕ್ಕಿಂತ ಜಾಸ್ತಿ ಕೆಲ್ಸ ಮಾಡೋಕಾಗದಿದ್ರೆ ಮಾಲೀಕರು ಪರಿಹಾರ ಕೊಡ್ಬೇಕು ಅನ್ನೋದು 1923ರ ಕಾಯ್ದೆಯಿಂದ ಬಂದಿರೋ ನಿಯಮ, ಬುಕ್ ಇಲ್ದಿದ್ರೂ ಅದು ಹೋಗಲ್ಲ. ನಿಮ್ಮಲ್ಲಿ ಹತ್ತಕ್ಕಿಂತ ಜಾಸ್ತಿ ಜನ ಇದ್ದಾರೆ, ಅಂದ್ರೆ ಇಎಸ್‌ಐ ನೋಂದಣಿ ಇರ್ಬೇಕು, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರು ಅದ್ರೊಳಗೆ ಬರ್ತಾರೆ. ನೋಂದಣಿ ಆಗಿದ್ರೆ ಆ ಹುಡುಗ ಮನೇಲಿರೋ ದಿನಗಳಿಗೆ ಅವನ ದಿನದ ಸಂಬಳದ ಸುಮಾರು ನೂರಕ್ಕೆ 90 ಭಾಗ ಇಎಸ್‌ಐ ಕೊಡುತ್ತೆ, ನಿಮ್ಮ ಜೇಬಿಂದಲ್ಲ. ಆದ್ರೆ ಅದು ಸಿಗ್ಬೇಕಂದ್ರೆ ಅಪಘಾತ ಕೆಲ್ಸದ ಟೈಮಲ್ಲಿ ಕೆಲ್ಸದ ಜಾಗದಲ್ಲೇ ಆಗಿದ್ದು ಅಂತ ತೋರಿಸ್ಬೇಕು, ಅಪಘಾತದ ವರದಿ ಕಳಿಸ್ಬೇಕು. ಇಷ್ಟು ವರ್ಷ ಫಾರ್ಮ್ 11 ಅಂತ ರಿಜಿಸ್ಟರ್, ಫಾರ್ಮ್ 12 ಅಂತ ವರದಿ ನಡೆದುಬಂದಿರೋದು ಇದಕ್ಕೇ. ಹೋದ ವಾರದ್ದು ಇನ್ನೂ ಕಳಿಸಿಲ್ಲ ಅಂದ್ರೆ ಇವತ್ತೇ ಆಡಿಟರ್ ಹತ್ರ ಕೂತು ಕಳಿಸಿ. ನೋಂದಣಿನೇ ಆಗಿಲ್ಲ ಅಂದ್ರೆ ಅದನ್ನೂ ಅವರಿಗೆ ಮುಚ್ಚಿಡದೆ ಹೇಳಿ, ಆಸ್ಪತ್ರೆ ಖರ್ಚು, ಸಂಬಳ ಎರಡೂ ನಿಮ್ಮ ಮೇಲೆ ಬರುತ್ತೆ.

ಆ ಹುಡುಗನ ಬಗ್ಗೆ ಒಂದು ಮಾತು. ಟಿಟಿ ಇಂಜೆಕ್ಷನ್ ಆಗಿದ್ಯಾ ಕೇಳಿ. ಜ್ವರ ಬಂದ್ರೆ, ಗಾಯದ ಸುತ್ತ ಕೆಂಪು ಹರಡ್ತಾ ಹೋದ್ರೆ, ವಾಸನೆ ಬಂದ್ರೆ ಮುಂದಿನ ಡ್ರೆಸಿಂಗ್ ದಿನಕ್ಕೆ ಕಾಯದೆ ಅವತ್ತೇ ತೋರಿಸ್ಲಿ. ಎರಡು ಮೂರು ವಾರಕ್ಕೆ ಮುಚ್ಚದೇ ಇದ್ರೆ ಪ್ಲಾಸ್ಟಿಕ್ ಸರ್ಜನ್ ನೋಡ್ಬೇಕು, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಲಿ ಸುಟ್ಟ ಗಾಯಕ್ಕೇ ಅಂತ ಮಹಾಬೋಧಿ ವಾರ್ಡ್ ಇದೆ. ವಾಪಸ್ ಕೆಲ್ಸಕ್ಕೆ ಬಂದಾಗ ಮೊದಲ ಕೆಲವು ವಾರ ಹಂಚಿನ ಹತ್ರ ನಿಲ್ಲಿಸ್ಬೇಡಿ, ಹೊಸ ಚರ್ಮ ಬಿಸಿ ತಡೆಯಲ್ಲ, ಕೊಬ್ಬರಿ ಎಣ್ಣೆ ಥರದ್ದೇನಾದ್ರೂ ಹಚ್ಚೋಕೆ ಶುರು ಮಾಡೋದು ಗಾಯ ಪೂರ್ತಿ ಮುಚ್ಚಿದ್ಮೇಲೆ ಮಾತ್ರ. ಬಿಲ್ಲಿಂಗಲ್ಲೋ ಟೋಕನ್ ಕೊಡೋಕೋ ಕೂರಿಸಿ, ಪಾದ ಊತ ಬಂದ್ರೆ ಒಂದು ಸ್ಟೂಲ್ ಮೇಲೆ ಕಾಲು ಎತ್ತಿಟ್ಕೊಳ್ಳೋಕೆ ಬಿಡಿ.